ಡಬ್ಬಿ ಹಾಲಿನಿಂದ ಹಸುವಿನ ಹಾಲಿಗೆ: ಮಗಳಿಗೆ ವರ್ಷ ತುಂಬಿದಾಗ ನಾನು ಮಾಡಿದ್ದು, ತಪ್ಪಿದ್ದು

ನನ್ನ ಮಗಳು ನಾಲ್ಕನೆಯ ತಿಂಗಳಿನಿಂದ ಫಾರ್ಮುಲಾ ಕುಡಿದು ಬೆಳೆದವಳು. ಮೊದಲ ವರ್ಷದ ಹುಟ್ಟುಹಬ್ಬದ ಹೊತ್ತಿಗೆ ಅವಳು ದಿನಕ್ಕೆ ನಾಲ್ಕು ಸಲ, ಸಲಕ್ಕೆ 180 ಮಿ.ಲೀ.ನಂತೆ, ಒಟ್ಟು 720 ಮಿ.ಲೀ. ಡಬ್ಬಿ ಹಾಲು ಕುಡಿಯುತ್ತಿದ್ದಳು. ಲಸಿಕೆಗೆಂದು ಕರೆದುಕೊಂಡು ಹೋದಾಗ ಮಕ್ಕಳ ವೈದ್ಯರು, ಇನ್ನು ಡಬ್ಬಿಯ ಅಗತ್ಯವಿಲ್ಲ, ಹಸುವಿನ ಹಾಲು ಕೊಡಬಹುದು ಎಂದರು. ಅದರ ಜೊತೆಗೆ, ಹಾಲಿಗೆ ನೀರು ಬೆರೆಸಬೇಡಿ, ದಿನಕ್ಕೆ ಅರ್ಧ ಲೀಟರು ಮೀರಿಸಬೇಡಿ ಎಂದು ಎರಡು ಮಾತು ಸೇರಿಸಿದರು. ಮೊದಲನೆಯದನ್ನು ನಾನು ಅಕ್ಷರಶಃ ಪಾಲಿಸಿದೆ. ಎರಡನೆಯದು ಎಷ್ಟು ಮುಖ್ಯವೆಂಬುದು ಎರಡು ತಿಂಗಳ ನಂತರ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ ತಿಳಿಯಿತು.

ನಮ್ಮ ಅತ್ತೆಯವರು ಮಗುವಿಗೆ ಎಂಟು ತಿಂಗಳಾದಾಗಲೇ, "ನೋಡಮ್ಮ, ನಮ್ಮ ಮಕ್ಕಳೆಲ್ಲ ನೀರು ಬೆರೆಸಿದ ಹಸುವಿನ ಹಾಲು ಕುಡಿದೇ ದೊಡ್ಡವರಾದರು" ಎಂದು ಹೇಳಿದ್ದರು. ಅವರ ಮಾತನ್ನು ತಳ್ಳಿಹಾಕುವ ಮನಸ್ಸಿಲ್ಲದೆ ನಾನು ಕಾರಣವನ್ನು ವೈದ್ಯರಲ್ಲಿಯೇ ಕೇಳಿದೆ. ವರ್ಷದೊಳಗಿನ ಮಗುವಿನ ಎಳೆಯ ಮೂತ್ರಪಿಂಡಗಳಿಗೆ ಹಸುವಿನ ಹಾಲಿನ ಪ್ರೋಟೀನು ಮತ್ತು ಲವಣಗಳು ಹೊರೆಯಾಗುತ್ತವೆ. ಕೆಲವು ಮಕ್ಕಳಲ್ಲಿ ಕರುಳಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣಗೆ ರಕ್ತ ಒಸರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ನೀರು ಬೆರೆಸಿದರೆ ಹೊರೆ ತಗ್ಗಬಹುದು, ಆದರೆ ಅದರೊಂದಿಗೆ ಮಗುವಿಗೆ ಬೇಕಾದ ಶಕ್ತಿಯೂ ತಗ್ಗುತ್ತದೆ, ಕಬ್ಬಿಣಾಂಶವಂತೂ ಬರುವುದಿಲ್ಲ. ಸಾರಿಗೋ ಸರಿಗೋ ಒಂದೆರಡು ಚಮಚ ಹಾಲು, ಸ್ವಲ್ಪ ಮೊಸರು ಅಷ್ಟರೊಳಗೆ ಕೊಡಬಹುದು. ಹಸುವಿನ ಹಾಲೇ ಮುಖ್ಯ ಪಾನೀಯವಾಗಬಾರದು, ಅಷ್ಟೆ.

ಬದಲಾವಣೆಯನ್ನು ನಾನು ಬೆಳಗಿನ ಒಂದು ಹೊತ್ತಿನಿಂದ ಆರಂಭಿಸಿದೆ. ನಮ್ಮ ಡಬ್ಬಿಯ ಅಳತೆ 30 ಮಿ.ಲೀ. ನೀರಿಗೆ ಒಂದು ಚಮಚ ಪುಡಿ. ಮೊದಲ ಮೂರು ದಿನ 120 ಮಿ.ಲೀ. ನೀರಿಗೆ ನಾಲ್ಕು ಚಮಚ ಪುಡಿ ಕದಡಿ, ಅದಕ್ಕೆ ಕಾಯಿಸಿ ಆರಿಸಿದ 60 ಮಿ.ಲೀ. ಹಸುವಿನ ಹಾಲು ಸೇರಿಸಿದೆ. ಮುಂದಿನ ಮೂರು ದಿನ ಎರಡೂ ಸಮಪಾಲು, ಅಂದರೆ ತೊಂಬತ್ತು ತೊಂಬತ್ತು. ಆಮೇಲಿನ ಮೂರು ದಿನ ಫಾರ್ಮುಲಾ 60, ಹಾಲು 120. ಹತ್ತನೆಯ ದಿನ ಪೂರ್ತಿ ಹಾಲು. ಬೆಳಗಿನ ಹೊತ್ತಿಗೆ ಒಗ್ಗಿಕೊಂಡ ಮೇಲೆ ಉಳಿದ ಹೊತ್ತುಗಳನ್ನು ಇನ್ನೂ ಬೇಗ ಬದಲಿಸಲು ಸಾಧ್ಯವಾಯಿತು. ರುಚಿಗೆ ತಕರಾರು ಮಾಡದ ಮಗುವಾದರೆ ಇಷ್ಟು ನಿಧಾನ ಅಗತ್ಯವೇ ಇಲ್ಲ; ನನ್ನ ಮಗಳು ಡಬ್ಬಿ ಹಾಲಿನ ಸಿಹಿಗೆ ಒಗ್ಗಿಹೋಗಿದ್ದರಿಂದ ನನಗೆ ಈ ಕ್ರಮ ಬೇಕಾಯಿತು.

ಇಲ್ಲಿ ಎಚ್ಚರ ಬೇಕಾದದ್ದು ಬೆರೆಸುವ ಕ್ರಮದಲ್ಲಿ. ಒಂದು ದಿನ ನನ್ನ ಯಜಮಾನರು ನೀರಿನ ಬದಲಿಗೆ ಬೆಚ್ಚಗಿನ ಹಾಲಿಗೇ ಪುಡಿ ಹಾಕಿ ಕದಡುತ್ತಿದ್ದರು. ಎರಡೂ ಹಾಲೇ ತಾನೆ ಎಂಬುದು ಅವರ ಲೆಕ್ಕ. ಆದರೆ ಹಾಗೆ ಮಾಡಿದರೆ ಪ್ರೋಟೀನು, ಉಪ್ಪಿನಂಶಗಳು ತೀರ ಹೆಚ್ಚಾಗಿ ಮಗುವಿನ ದೇಹದಿಂದ ನೀರು ಎಳೆಯುತ್ತವೆ. ಆ ಲೋಟವನ್ನು ಚೆಲ್ಲಿ ಹೊಸದಾಗಿ ಮಾಡಿದೆ. ಫಾರ್ಮುಲಾವನ್ನು ಮೊದಲು ನೀರಿನಲ್ಲಿ ಅದರದೇ ಅಳತೆಗೆ ಸಿದ್ಧಮಾಡಿ, ಅನಂತರವೇ ಹಾಲನ್ನು ಸೇರಿಸಬೇಕು.

ಯಾವ ಹಾಲು ಎಂಬ ಪ್ರಶ್ನೆಗೆ ಉತ್ತರ ಪೊಟ್ಟಣದ ಮೇಲೆಯೇ ಇರುತ್ತದೆ. ಎರಡು ವರ್ಷದವರೆಗೆ ಮಗುವಿಗೆ ಕೊಬ್ಬು ತೆಗೆಯದ ಹಾಲು ಬೇಕು, ಏಕೆಂದರೆ ಅದರ ಪುಟ್ಟ ಹೊಟ್ಟೆಗೆ ಹಿಡಿಸುವ ಆಹಾರದಲ್ಲಿ ಶಕ್ತಿಯ ದೊಡ್ಡ ಪಾಲು ಕೊಬ್ಬಿನಿಂದಲೇ ಬರಬೇಕು. ನಾನು 3.5 ಪ್ರತಿಶತ ಕೊಬ್ಬು ಎಂದು ಅಚ್ಚಾಗಿದ್ದ ಹಸುವಿನ ಹಾಲನ್ನು ಆರಿಸಿಕೊಂಡೆ. ಆದರೆ ನಮ್ಮ ಮನೆಯಲ್ಲಿ ಪೊಟ್ಟಣದ ಹಾಲಲ್ಲದೆ ವರ್ತನೆಯ ಹಾಲೂ ಬರುತ್ತದೆ. ಅದನ್ನು ರಾತ್ರಿ ಕಾಯಿಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಹಾಲಿನ ಮೇಲೆ ಹಳದಿ ಛಾಯೆಯ ದಪ್ಪ ಕೆನೆ ಕಟ್ಟಿರುತ್ತದೆ, ಅತ್ತೆಯವರು ಅದನ್ನು ಸೌಟಿನಿಂದ ಮೆಲ್ಲಗೆ ಅಂಚಿನಿಂದ ಬಿಡಿಸಿ ಬೆಣ್ಣೆಗೆಂದು ಡಬ್ಬಿಗೆ ತುಂಬುತ್ತಾರೆ. ಪೊಟ್ಟಣ ಮುಗಿದ ದಿನಗಳಲ್ಲಿ ನಾನು ಮಗುವಿಗೆ ಕೊಡುತ್ತಿದ್ದದ್ದು ಹಾಗೆ ಕೆನೆ ತೆಗೆದು ಉಳಿದ ಹಾಲು ಎಂಬುದು ಒಂದು ವಾರ ನನ್ನ ಗಮನಕ್ಕೇ ಬಂದಿರಲಿಲ್ಲ. ಆಮೇಲೆ ಹಾಲು ಉಕ್ಕಿ ಇಳಿಸಿದ ಕೂಡಲೇ ಚೆನ್ನಾಗಿ ಕಲಕಿ ಮಗುವಿನ ಪಾಲನ್ನು ಸಣ್ಣ ಪಾತ್ರೆಗೆ ಬೇರೆಯಾಗಿ ತೆಗೆದಿಡುವುದನ್ನು ರೂಢಿ ಮಾಡಿಕೊಂಡೆ. ಅದರ ಮೇಲೆ ಕಟ್ಟಿದ ಕೆನೆಯನ್ನು ಮತ್ತೆ ಬಿಸಿ ಮಾಡುವಾಗ ಅದರಲ್ಲಿಯೇ ಕದಡುತ್ತೇನೆ.

ಇಷ್ಟೆಲ್ಲ ಎಚ್ಚರ ವಹಿಸಿದ ನಾನು ಪ್ರಮಾಣದಲ್ಲಿ ತಪ್ಪಿದೆ. ಹದಿಮೂರನೆಯ ತಿಂಗಳಿನಲ್ಲಿ ಅವಳಿಗೆ ನೆಗಡಿ, ಜ್ವರ ಬಂದು ಊಟ ಬಿಟ್ಟಳು. ಊಟವಿಲ್ಲದಿದ್ದರೆ ಹಾಲಾದರೂ ಹೊಟ್ಟೆಗೆ ಹೋಗಲಿ ಎಂದು ಕೇಳಿದಾಗಲೆಲ್ಲ ಕೊಟ್ಟೆ, ರಾತ್ರಿ ಎರಡು ಸಲ ಬಾಟಲಿಯಲ್ಲಿಯೂ ಕೊಟ್ಟೆ. ಜ್ವರ ಹೋಯಿತು, ಹಾಲಿನ ಅಭ್ಯಾಸ ಉಳಿಯಿತು. ಹಾಲು ತುಂಬಿದ ಹೊಟ್ಟೆಗೆ ಹಸಿವಿಲ್ಲ, ಹಸಿವಿಲ್ಲದ ಮಗು ಅನ್ನ ಮುಟ್ಟುವುದಿಲ್ಲ, ಅನ್ನ ಮುಟ್ಟದ ಮಗುವಿಗೆ ನಾನು ಮತ್ತೆ ಹಾಲು ಕೊಡುತ್ತೇನೆ. ಒಂದು ದಿನ ಕುಳಿತು ಲೆಕ್ಕ ಹಾಕಿದಾಗ 850 ಮಿ.ಲೀ. ಆಗಿತ್ತು. ಮಲ ಗಟ್ಟಿಯಾಗಿ ಉಂಡೆಯುಂಡೆಯಾಗಿ ಬರುತ್ತಿತ್ತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಅವಳು ತುಳಸಿಕಟ್ಟೆಯ ಬಳಿ ಕುಳಿತು ಮಣ್ಣನ್ನು ಬೆರಳಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು. ಎಲ್ಲ ಮಕ್ಕಳೂ ಒಮ್ಮೆ ಮಣ್ಣು ತಿನ್ನುತ್ತವೆ. ಇವಳು ದಿನವೂ ಹುಡುಕಿಕೊಂಡು ಹೋಗುತ್ತಿದ್ದಳು. ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಕೆಂಪಿನ ಬದಲು ಬಿಳಿಚು.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.4 ಎಂದು ಬಂತು, ಇರಬೇಕಾದದ್ದಕ್ಕಿಂತ ಕಡಿಮೆ; ಕಬ್ಬಿಣದ ಕೊರತೆ. ವೈದ್ಯರು ಚೀಟಿಯನ್ನು ನೋಡಿ ಕೇಳಿದ ಮೊದಲ ಪ್ರಶ್ನೆಯೇ "ದಿನಕ್ಕೆ ಎಷ್ಟು ಹಾಲು ಕೊಡುತ್ತೀರಿ?" ಎಂಬುದು. ಅವರು ವಿವರಿಸಿದ ಮೇಲೆ ನಾನು ಮನೆಗೆ ಬಂದು ಹಳೆಯ ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿದೆ. ಅದರಲ್ಲಿ 100 ಮಿ.ಲೀ. ಸಿದ್ಧ ಹಾಲಿಗೆ ಸುಮಾರು 0.7 ಮಿ.ಗ್ರಾಂ ಕಬ್ಬಿಣವಿತ್ತು. ಅಂದರೆ 720 ಮಿ.ಲೀ. ಕುಡಿಯುತ್ತಿದ್ದಾಗ ನಾನು ಏನೂ ಯೋಚಿಸದೆಯೇ ಅವಳಿಗೆ ದಿನಕ್ಕೆ 5 ಮಿ.ಗ್ರಾಂ ಕಬ್ಬಿಣ ಸಿಗುತ್ತಿತ್ತು. ಈ ವಯಸ್ಸಿನ ಮಗುವಿಗೆ ಬೇಕಾದದ್ದು ಸುಮಾರು 8 ಮಿ.ಗ್ರಾಂ. ಹಸುವಿನ ಹಾಲನ್ನು ಒಂದು ಲೀಟರು ಕುಡಿಸಿದರೂ ಒಂದು ಮಿ.ಗ್ರಾಂ ದೊರೆಯುವುದಿಲ್ಲ, ಜೊತೆಗೆ ಅದರ ಕ್ಯಾಲ್ಸಿಯಂ ಮತ್ತು ಪ್ರೋಟೀನು ಊಟದಲ್ಲಿರುವ ಕಬ್ಬಿಣವನ್ನೂ ಸರಿಯಾಗಿ ಹೀರಿಕೊಳ್ಳಗೊಡುವುದಿಲ್ಲ. ಡಬ್ಬಿ ಮಾಡುತ್ತಿದ್ದ ಕೆಲಸವನ್ನು ಹಾಲು ವಹಿಸಿಕೊಳ್ಳುವುದಿಲ್ಲ, ಊಟ ವಹಿಸಿಕೊಳ್ಳಬೇಕು ಎಂಬುದು ನನಗೆ ಆ ದಿನ ಮನದಟ್ಟಾಯಿತು.

ತೂಕಕ್ಕೆ ತಕ್ಕಂತೆ ವೈದ್ಯರು ಬರೆದುಕೊಟ್ಟ ಕಬ್ಬಿಣದ ಹನಿಗಳನ್ನು ಹಾಲಿನಿಂದ ಎರಡು ಗಂಟೆಯಾದರೂ ದೂರವಿಟ್ಟು, ಎರಡು ಹನಿ ನಿಂಬೆರಸದೊಂದಿಗೆ ಕೊಟ್ಟೆ. ಮಲ ಕಪ್ಪಾಗುತ್ತದೆ, ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಬಾಟಲಿಯನ್ನು ಕಣ್ಣಿಗೆ ಕಾಣದಂತೆ ತೆಗೆದಿಟ್ಟೆ. ಒಂದೆರಡು ದಿನ ಬೆಳ್ಳಿ ಒಳಲೆಯಲ್ಲಿ ಕೊಟ್ಟು ನೋಡಿದೆ, ಅವಳಿಗೆ ಅದು ಬೇಡವಾಯಿತು, ಸಣ್ಣ ಸ್ಟೀಲು ಲೋಟ ಹಿಡಿಸಿತು. ಬೆಳಗಿನ ಊಟವಾದ ಮೇಲೆ 150 ಮಿ.ಲೀ., ಸಂಜೆ 150 ಮಿ.ಲೀ., ಮಧ್ಯಾಹ್ನ ಒಂದು ಬಟ್ಟಲು ಮೊಸರು, ಅಷ್ಟೇ ಹಾಲಿನ ಲೆಕ್ಕ. ರಾತ್ರಿ ಎದ್ದರೆ ನೀರು. ಮೊದಲ ನಾಲ್ಕು ರಾತ್ರಿ ಅವಳೂ ಅತ್ತಳು, ನನಗೂ ನಿದ್ದೆಯಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ತಾನಾಗಿಯೇ ತಟ್ಟೆಯ ಕಡೆಗೆ ಕೈ ಚಾಚಿದಳು. ಹೆಸರುಬೇಳೆ ಮತ್ತು ಸೊಪ್ಪಿನ ಮೆತ್ತನೆಯ ಅನ್ನಕ್ಕೆ ತುಪ್ಪ, ನಿಂಬೆರಸ, ಹುರಳಿಕಟ್ಟಿನ ಸಾರು, ಸೀಬೆಹಣ್ಣು ಹೀಗೆ ಊಟ ಮೆಲ್ಲನೆ ತನ್ನ ಜಾಗಕ್ಕೆ ಬಂತು. ತಿಂಗಳ ನಂತರ ಹಿಮೋಗ್ಲೋಬಿನ್ 10.7 ಆಗಿತ್ತು. ಅಂಕಿ ಸರಿಯಾದರೂ ದೇಹದ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕೆಂದು ಹನಿಗಳನ್ನು ಮುಂದುವರಿಸಿದರು. ಮಣ್ಣಿನ ಹಂಬಲ ಮಾತ್ರ ಅದಕ್ಕೂ ಮೊದಲೇ ನಿಂತಿತ್ತು.

ಸಸ್ಯಮೂಲದ ಹಾಲುಗಳ ವಿಚಾರ ನನ್ನ ಮನೆಗೆ ಬಂದದ್ದು ಬೆಂಗಳೂರಿನಲ್ಲಿರುವ ತಂಗಿಯಿಂದ. ಅವಳ ಮನೆಯಲ್ಲಿ ಹಾಲು, ಮೊಸರು, ತುಪ್ಪ ಯಾವುದನ್ನೂ ಬಳಸುವುದಿಲ್ಲ, ಅವಳ ಮಗನಿಗೂ ವರ್ಷ ತುಂಬುತ್ತಿತ್ತು. "ಅಕ್ಕಾ, ದಿನಾ ಹತ್ತು ಬಾದಾಮಿ ನೆನೆಸಿ ರುಬ್ಬಿ ಹಾಲು ತೆಗೆದುಕೊಟ್ಟರೆ ಸಾಲದೇ?" ಎಂದು ಕೇಳಿದಳು. ಇಬ್ಬರೂ ಕುಳಿತು ಲೆಕ್ಕ ಮಾಡಿದೆವು. ಹತ್ತು ಬಾದಾಮಿಯ ತೂಕ ಸುಮಾರು 12 ಗ್ರಾಂ, ಅದರಲ್ಲಿ ಪ್ರೋಟೀನು ಎರಡೂವರೆ ಗ್ರಾಂ, ಅದರಲ್ಲಿಯೂ ಒಂದು ಪಾಲು ಬಟ್ಟೆಯಲ್ಲಿ ಉಳಿಯುವ ಚರಟದಲ್ಲಿ ಹೋಗುತ್ತದೆ. ಅಷ್ಟೇ ದೊಡ್ಡ ಲೋಟದ, ಅಂದರೆ 200 ಮಿ.ಲೀ. ಹಸುವಿನ ಹಾಲಿನಲ್ಲಿ ಆರು ಗ್ರಾಂಗೂ ಹೆಚ್ಚು ಪ್ರೋಟೀನು, ಸುಮಾರು 240 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನಮ್ಮಲ್ಲಿ ಬಾದಾಮಿ ಹಾಲು ಎಂದು ಸಾಮಾನ್ಯವಾಗಿ ಮಾರುವುದು ಬಾದಾಮಿ, ಕೇಸರಿ, ಸಕ್ಕರೆ ಹಾಕಿದ ಹಾಲು. ಆ ಹೆಸರು ಕೇಳಿ ಬಾದಾಮಿಯೊಂದರ ಮೇಲೆಯೇ ಭರವಸೆ ಇಡುವಂತಿಲ್ಲ. ಓಟ್ಸ್, ತೆಂಗಿನಕಾಯಿ ಹಾಲುಗಳೂ ಪ್ರೋಟೀನಿನಲ್ಲಿ ಹಿಂದೆಯೇ. ಅಕ್ಕಿಯ ಹಾಲನ್ನು ಬ್ರಿಟನ್ನಿನ ಆರೋಗ್ಯ ಸೇವೆ ಆರ್ಸೆನಿಕ್ ಕಾರಣಕ್ಕೆ ಐದು ವರ್ಷದೊಳಗಿನ ಮಕ್ಕಳಿಗೆ ಬೇಡವೆಂದೇ ಹೇಳುತ್ತದೆ.

ರಾಗಿ ಹಾಲಿನ ಬಗ್ಗೆ ಅತ್ತೆಯವರಿಗೂ ನನಗೂ ಅಭಿಮಾನವಿದೆ, ಆದ್ದರಿಂದ ಅದನ್ನೂ ಅಳೆದೆವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಮಗುವಿನ ಒಂದು ಲೋಟಕ್ಕೆ ಬಳಸುವುದು 20 ಗ್ರಾಂ, ಅದರಿಂದ 70 ಮಿ.ಗ್ರಾಂ, ಸೋಸಿದರೆ ಇನ್ನೂ ಕಡಿಮೆ. ಸೋಸದೆ ಗಟ್ಟಿಯಾಗಿ ಬೇಯಿಸಿದ ರಾಗಿ ಸರಿ ಒಳ್ಳೆಯ ಊಟ. ಸೋಸಿದ ನೀರು ಹಾಲಿನ ಜಾಗಕ್ಕೆ ಬರಲಾರದು.

ಕೊನೆಗೆ ತಂಗಿಯ ಮಗನನ್ನು ನೋಡುವ ಮಕ್ಕಳ ವೈದ್ಯರು ಒಪ್ಪಿದ್ದು ಸಕ್ಕರೆ ಹಾಕದ, ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಬಿ12 ಸೇರಿಸಿದ ಸೋಯಾ ಪಾನೀಯಕ್ಕೆ ಮಾತ್ರ, ಅದೂ ವರ್ಷ ತುಂಬಿದ ಮೇಲೆ, ದಿನಕ್ಕೆ ಎರಡು ಲೋಟ. ನಾವು ನೋಡಿದವುಗಳಲ್ಲಿ ಪ್ರೋಟೀನಿನಲ್ಲಿ ಹಸುವಿನ ಹಾಲಿಗೆ ಸಾಟಿಯಾಗುವುದು ಅದೊಂದೇ. ಮನೆಯಲ್ಲಿ ರುಬ್ಬಿದ ಸೋಯಾ ಹಾಲಿಗೆ ಈ ಸೇರ್ಪಡೆಗಳಿರುವುದಿಲ್ಲ. ಜೊತೆಗೆ ಬಿ12 ಹನಿಗಳನ್ನು ಬೇರೆಯಾಗಿ ಬರೆದರು, ಏಕೆಂದರೆ ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಮನೆಯಲ್ಲಿ ಮಗುವಿಗೆ ಅದು ಊಟದಿಂದ ಸಿಗುವ ದಾರಿಯಿಲ್ಲ. ಹಸುವಿನ ಹಾಲು ಅಲರ್ಜಿಯಿರುವ ಮಕ್ಕಳ ಮಾತು ಬೇರೆ, ಅವರಿಗೆ ಎಮ್ಮೆ ಅಥವಾ ಮೇಕೆ ಹಾಲೂ ಸಾಮಾನ್ಯವಾಗಿ ಆಗುವುದಿಲ್ಲ, ಅಲ್ಲಿ ವೈದ್ಯರನ್ನು ಬಿಟ್ಟು ಒಂದು ಹೆಜ್ಜೆಯೂ ಇಡಬಾರದು.

ಕಳೆದ ತಿಂಗಳು ತಂಗಿಯ ಮನೆಗೆ ಹೋಗಿದ್ದಾಗ ಖಾಲಿಯಾದ ಸೋಯಾ ಡಬ್ಬವನ್ನು ಕತ್ತರಿಯಿಂದ ಕತ್ತರಿಸಿ ತೆರೆದು ನೋಡಿದೆವು. ತಳದಲ್ಲಿ ಸುಣ್ಣದ ತಿಳಿ ಕೂತಂತೆ ಬಿಳಿಯ ಗಸಿ ಅಂಟಿಕೊಂಡಿತ್ತು. ಸೇರಿಸಿದ ಕ್ಯಾಲ್ಸಿಯಂ ಅದು. ಮಗುವಿನ ಹೊಟ್ಟೆಗೆ ಹೋಗಬೇಕಾದದ್ದು ಅಲ್ಲೇ ಉಳಿದಿತ್ತು. ಈಗ ಅವಳು ಪ್ರತಿ ಸಲ ಲೋಟಕ್ಕೆ ಬಗ್ಗಿಸುವ ಮುನ್ನ ಡಬ್ಬವನ್ನು ಹತ್ತು ಸಲ ಜೋರಾಗಿ ಕುಲುಕುತ್ತಾಳೆ.