ಹಡಗಿನಿಂದ ಶಿಪ್‌ಯಾರ್ಡಿಗೆ: ಮರೈನ್ ಎಂಜಿನಿಯರ್ ರಾಜೀನಾಮೆ ಪತ್ರ ಬರೆಯುವುದು ಹೇಗೆ

ಮಲ್ಪೆ, ಕೊಚ್ಚಿ, ಗೋವಾ ಅಥವಾ ಮುಂಬಯಿಯ ಶಿಪ್‌ಯಾರ್ಡಿನಲ್ಲಿ ಕೆಲಸ ಸಿಕ್ಕಿತೆಂದು ಮರ್ಚೆಂಟ್ ನೇವಿ ಬಿಡುವ ಎಂಜಿನಿಯರುಗಳ ಪತ್ರಗಳಲ್ಲಿ ಭಾಷೆ ಕೆಡುವುದು ಅಪರೂಪ, ಕೆಡುವುದು ತಾರೀಕು. ಇಂಟರ್ನೆಟ್ಟಿನಲ್ಲಿ ಸಿಗುವ ಮಾದರಿ ಪತ್ರಗಳೆಲ್ಲ ಊರಿನ ಆಫೀಸಿಗೆ ಬರೆದವು. 'ಇಂದಿನಿಂದ ಮೂವತ್ತನೇ ದಿನ ನನ್ನ ಕೊನೆಯ ಕೆಲಸದ ದಿನ' ಎಂದು ಅವುಗಳಲ್ಲಿ ಇರುತ್ತದೆ. ಆ ಮೂವತ್ತನೇ ದಿನ ಹಡಗು ನಡುಸಮುದ್ರದಲ್ಲಿ ಇರಬಹುದು. ಅಂಥ ಮಾದರಿಗಳನ್ನು ಮುಟ್ಟಲೇಬೇಡಿ.

ಯಾರ್ಡಿನ ನೇಮಕಾತಿ ಪತ್ರ ಕೈಗೆ ಬರುವ ತನಕ, ಮೆಡಿಕಲ್ ಮುಗಿಯುವ ತನಕ ಏನನ್ನೂ ಕಳಿಸಬೇಡಿ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಆಮೇಲೆ ಮಾಡಬೇಕಾದ ಮೊದಲ ಕೆಲಸ ಬರೆಯುವುದಲ್ಲ, ಓದುವುದು. ಸೈನ್ ಆನ್ ಆಗುವಾಗ ಸಹಿ ಹಾಕಿದ ಉದ್ಯೋಗ ಒಪ್ಪಂದವನ್ನು ತೆಗೆದು ಮೂರು ವಿಷಯ ಹುಡುಕಿ: ಒಪ್ಪಂದದ ಅವಧಿ, ಅದನ್ನು ಹಿಂದೆಮುಂದೆ ಮಾಡಲು ಕಂಪನಿಗಿರುವ ಅವಕಾಶ, ನೋಟಿಸಿನ ಅವಧಿ. ನಾವಿಕರ ಕೆಲಸದ ಅಂತರರಾಷ್ಟ್ರೀಯ ಒಡಂಬಡಿಕೆಯಾದ 2006ರ ಎಂಎಲ್‌ಸಿ ಪ್ರಕಾರ ನೋಟಿಸ್ 7 ದಿನಕ್ಕಿಂತ ಕಡಿಮೆ ಇರುವಂತಿಲ್ಲ. ಅಧಿಕಾರಿಗಳ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಒಂದು ತಿಂಗಳು ಇರುತ್ತದೆ.

ಎಡವುವುದು ಎರಡನೆಯ ವಿಷಯದಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ಸೆಕೆಂಡ್ ಎಂಜಿನಿಯರ್ ಒಬ್ಬರು ಜನವರಿ 10ಕ್ಕೆ ಹಡಗು ಹತ್ತಿದ್ದಾರೆ. ಒಪ್ಪಂದ ಆರು ತಿಂಗಳದ್ದು, ಕಂಪನಿ ಬಯಸಿದರೆ ಒಂದು ತಿಂಗಳು ಹೆಚ್ಚು ಅಥವಾ ಕಡಿಮೆ. 'ಜುಲೈ 10ಕ್ಕೆ ಮುಗಿಯುತ್ತದೆ' ಎಂದುಕೊಂಡು ಅವರು ಜುಲೈ 20ಕ್ಕೆ ಸೇರುತ್ತೇನೆಂದು ಯಾರ್ಡಿಗೆ ಮಾತು ಕೊಡುತ್ತಾರೆ. ಆದರೆ ಅವರ ಜಾಗಕ್ಕೆ ಬರಬೇಕಾದ ರಿಲೀವರ್ ಸಿಗಲಿಲ್ಲವೆಂದೋ, ಮುಂದಿನ ಬಂದರಿನಲ್ಲಿ ಸಿಬ್ಬಂದಿ ಬದಲಾವಣೆಗೆ ಅನುಕೂಲವಿಲ್ಲವೆಂದೋ ಕಂಪನಿ ಅವರನ್ನು ಆಗಸ್ಟ್ 10ರವರೆಗೂ ಇರಿಸಿಕೊಳ್ಳಬಹುದು. ಅದಕ್ಕೆ ಅವರೇ ಸಹಿ ಹಾಕಿ ಒಪ್ಪಿದ್ದಾರೆ. ಆಗ ಯಾರ್ಡಿಗೆ ಕೊಟ್ಟ ಮಾತೂ ತಪ್ಪುತ್ತದೆ, ಮಾಸ್ಟರ್ ಜೊತೆ ಮನಸ್ತಾಪವೂ ಆಗುತ್ತದೆ.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಅತ್ಯಂತ ತಡವಾಗಿ ಇಳಿಯಬಹುದಾದ ದಿನ ಆಗಸ್ಟ್ 10. ವಿಮಾನ, ಮನೆ, ಕಾಗದಪತ್ರಗಳಿಗೆಂದು ಮೂರು ವಾರ ಸೇರಿಸಿ ಯಾರ್ಡಿಗೆ ಸೆಪ್ಟೆಂಬರ್ 1 ಎಂದು ಹೇಳಬೇಕು. ಪತ್ರವನ್ನು ಮೇ ಕೊನೆಯ ವಾರ ಕಳಿಸಬೇಕು. ಆಗ ಒಂದು ತಿಂಗಳ ನೋಟಿಸ್ ಒಪ್ಪಂದದ ಒಳಗೇ ಮುಗಿಯುತ್ತದೆ, ರಿಲೀವರ್ ಹುಡುಕಲು ಕಚೇರಿಗೂ ಕಾಲಾವಕಾಶ ಸಿಗುತ್ತದೆ. ಆಗಸ್ಟ್ 10ರ ನಂತರವೂ ಇರಿ ಎಂದರೆ ನಿಮ್ಮ ಒಪ್ಪಿಗೆ ಬೇಕು. ಇಮೇಲಿನಲ್ಲಿ ಇಲ್ಲವೆನ್ನುವ ಹಕ್ಕು ನಿಮಗಿದೆ.

ನೋಟಿಸ್ ಕೊಟ್ಟು ಒಪ್ಪಂದದ ನಡುವೆಯೇ ಇಳಿಯಲೂಬಹುದು. ಆದರೆ ಅವಧಿ ಮುಗಿದು ಇಳಿದರೆ ಮನೆಗೆ ಬರುವ ಖರ್ಚು ಹಡಗಿನ ಮಾಲೀಕರದ್ದು. ಸ್ವಂತ ಇಚ್ಛೆಯಿಂದ ಮೊದಲೇ ಇಳಿದರೆ ಅದು ನಿಮ್ಮ ಸಂಬಳದಿಂದ ಕಡಿತವಾಗಬಹುದು. ರಿಲೀವರ್‌ನ ಟಿಕೆಟ್ಟನ್ನೂ ಸೇರಿಸುವ ಒಪ್ಪಂದಗಳಿವೆ. ಯಾರ್ಡ್ ಒಂದು ತಿಂಗಳು ಕಾಯುವುದಾದರೆ ಅವಧಿ ಮುಗಿಸಿಯೇ ಇಳಿಯಿರಿ.

ಇಲ್ಲೊಂದು ಎಚ್ಚರಿಕೆ. ಬೇಗ ಇಳಿಯಲು 'ಬೆನ್ನುನೋವು ಅನ್ನು, ಮೆಡಿಕಲ್ ಸೈನ್ ಆಫ್ ಸಿಗುತ್ತೆ' ಎಂದು ಸಲಹೆ ಕೊಡುವವರು ಪ್ರತಿ ಮೆಸ್ ರೂಮಿನಲ್ಲೂ ಇರುತ್ತಾರೆ. ಆ ದಾಖಲೆ ಉಳಿಯುತ್ತದೆ, ಮುಂದಿನ ಮೆಡಿಕಲ್ ತಪಾಸಣೆಗಳಲ್ಲಿ ಅದೇ ಪ್ರಶ್ನೆ ಏಳಬಹುದು. ಮನೆಯಲ್ಲಿ ನಿಜವಾಗಿ ತುರ್ತು ಇದ್ದರೆ ಕಡಿಮೆ ನೋಟಿಸಿನಲ್ಲಿ, ದಂಡವಿಲ್ಲದೆ ಇಳಿಯಲು ಎಂಎಲ್‌ಸಿಯಲ್ಲೇ ಅವಕಾಶವಿದೆ. ಅದನ್ನು ಸುಳ್ಳಿಗೆ ಬಳಸಬಾರದು.

ಇನ್ನು ಪತ್ರ. ಕ್ರೂಯಿಂಗ್ ಮ್ಯಾನೇಜರ್ ಹೆಸರಿಗೆ, ಮಾಸ್ಟರ್ ಮೂಲಕ ಹೋಗಬೇಕು. ಮ್ಯಾನಿಂಗ್ ಏಜೆಂಟ್ ಕಚೇರಿಗೆ ಪ್ರತಿ. ಚೀಫ್ ಎಂಜಿನಿಯರ್‌ಗೆ ಮೊದಲು ಬಾಯಿಮಾತಿನಲ್ಲಿ ಹೇಳಿ. ತನ್ನ ಸೆಕೆಂಡ್ ಹೋಗುವ ಸುದ್ದಿ ಅವರಿಗೆ ಕಚೇರಿಯಿಂದ ತಿಳಿಯಬಾರದು. ವಾಟ್ಸ್‌ಆ್ಯಪ್ ಸಂದೇಶ ನೋಟಿಸ್ ಆಗುವುದಿಲ್ಲ. ಇಮೇಲ್ ಕಳಿಸಿ, ತಲುಪಿದೆ ಎಂಬ ಉತ್ತರ ಬರುವವರೆಗೂ ಕೇಳಿ.

ಮೇಲ್ಭಾಗದಲ್ಲಿ ಹೆಸರು, ಹುದ್ದೆ, ಹಡಗಿನ ಹೆಸರು, ಸಮುದ್ರ ಸೇವೆ ದಾಖಲಾಗುವ ಪುಸ್ತಕವಾದ ಸಿಡಿಸಿಯ ಸಂಖ್ಯೆ, ನಾವಿಕರ ನೋಂದಣಿಯ ಇಂಡೋಸ್ ಸಂಖ್ಯೆ. ಕಳಿಸುವ ಪತ್ರ ಇಂಗ್ಲಿಷಿನಲ್ಲೇ ಇರಲಿ. ಒಕ್ಕಣೆ ಇಷ್ಟು ಸಾಕು:

'ಜನವರಿ 10ರಂದು ಆರಂಭವಾದ ನನ್ನ ಈಗಿನ ಒಪ್ಪಂದ ಮುಗಿದ ಮೇಲೆ ಸಮುದ್ರ ಸೇವೆಯಿಂದ ನಿವೃತ್ತನಾಗಿ, ದಡದಲ್ಲಿ ಹಡಗು ದುರಸ್ತಿ ಕೆಲಸಕ್ಕೆ ಸೇರುತ್ತಿದ್ದೇನೆ. ಇದನ್ನು ಒಪ್ಪಂದದ ಪ್ರಕಾರ ನೋಟಿಸ್ ಎಂದು ಪರಿಗಣಿಸಬೇಕು. ಜುಲೈ 10ಕ್ಕೆ ಹತ್ತಿರದ ಅನುಕೂಲಕರ ಬಂದರಿನಲ್ಲಿ, ತಡವಾದರೂ ಆಗಸ್ಟ್ 10ರೊಳಗೆ, ನನ್ನನ್ನು ಬಿಡುಗಡೆ ಮಾಡಲು ಕೋರುತ್ತೇನೆ. ರಿಲೀವರ್‌ಗೆ ಲಿಖಿತವಾಗಿ ಪೂರ್ಣ ಹಸ್ತಾಂತರ ಮಾಡುತ್ತೇನೆ. ಇದರ ನಂತರ ಮುಂದಿನ ನಿಯೋಜನೆಗೆ ನನ್ನ ಹೆಸರನ್ನು ಪರಿಗಣಿಸಬಾರದು.'

ಕೊನೆಯ ವಾಕ್ಯ ಬಿಟ್ಟರೆ ಕಚೇರಿ ನಿಮ್ಮನ್ನು ರಜೆಯಲ್ಲಿರುವವರ ಪಟ್ಟಿಯಲ್ಲೇ ಇಡುತ್ತದೆ, ಎರಡು ತಿಂಗಳಿಗೆ ಮತ್ತೆ ಹಡಗು ಹತ್ತಲು ಕರೆ ಬರುತ್ತದೆ. ಸಂಬಳದ ಮಾತು, ದೂರು ಯಾವುದೂ ಬೇಡ. ಪ್ಯೂರಿಫೈಯರ್ ಸರಿಯಿಲ್ಲ, ಸ್ಪೇರ್ ಬಂದಿಲ್ಲ ಎಂಬುದರ ಜಾಗ ಹ್ಯಾಂಡಿಂಗ್ ಓವರ್ ನೋಟ್ಸ್. ಇಂದು ನಿಮ್ಮ ಪತ್ರ ಓದುವ ಕಂಪನಿಯ ಸೂಪರಿಂಟೆಂಡೆಂಟ್ ನಾಳೆ ಡ್ರೈ ಡಾಕಿಗೆ ಹಡಗು ತಂದು ನಿಮ್ಮೆದುರೇ ಕೂರಬಹುದು.

ಕಡೆಯ ಪ್ಯಾರಾದಲ್ಲಿ ದಾಖಲೆಗಳನ್ನು ಹೆಸರಿಸಿ ಕೇಳಿ. ಇದನ್ನು ಮರೆಯುವವರೇ ಹೆಚ್ಚು. ಸಿಡಿಸಿಯಲ್ಲಿ ಸೈನ್ ಆನ್, ಸೈನ್ ಆಫ್ ಇದ್ದರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ನಾವಿಕನಿಗೆ ಕೊಡುವ ಸೇವಾ ದಾಖಲೆಯಲ್ಲಿ ಕೆಲಸದ ಗುಣಮಟ್ಟ ಮತ್ತು ಸಂಬಳದ ಬಗ್ಗೆ ಏನನ್ನೂ ಬರೆಯಬಾರದೆಂದು ಎಂಎಲ್‌ಸಿಯೇ ಹೇಳುತ್ತದೆ. ಯಾರ್ಡಿನ ಎಚ್‌ಆರ್ ಕೇಳುವುದು ಅವನ್ನೇ. ಹಾಗಾಗಿ ಬಿಡುಗಡೆ ಪತ್ರ, ಅಂತಿಮ ವೇತನ ಲೆಕ್ಕ, ಸಮುದ್ರ ಸೇವಾ ಪ್ರಮಾಣಪತ್ರ ಈ ಮೂರನ್ನೂ ಪ್ರತ್ಯೇಕವಾಗಿ ಕೋರಬೇಕು.

ಸೇವಾ ಪ್ರಮಾಣಪತ್ರದಲ್ಲಿ ತಾರೀಕು, ಹುದ್ದೆಗಳ ಜೊತೆ ಮುಖ್ಯ ಎಂಜಿನ್ನಿನ ವಿಧ ಮತ್ತು ಶಕ್ತಿ ಕಿಲೋವ್ಯಾಟ್‌ನಲ್ಲಿ ಇರಲೇಬೇಕು. 3000 ಕಿಲೋವ್ಯಾಟ್ ಮೇಲೋ ಕೆಳಗೋ ಎಂಬುದರ ಮೇಲೆ ನಿಮ್ಮ ಅರ್ಹತಾ ಸರ್ಟಿಫಿಕೇಟಿನ ದರ್ಜೆ ನಿಂತಿದೆ. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಲು ಹಿಂದಿನ ಐದು ವರ್ಷಗಳಲ್ಲಿ 12 ತಿಂಗಳ ಸಮುದ್ರ ಸೇವೆ ತೋರಿಸುವುದು ಸಾಮಾನ್ಯ ದಾರಿ. ದಡಕ್ಕೆ ಬಂದ ಮೇಲೆ ಈ ಕೊನೆಯ ಆರೇಳು ತಿಂಗಳೂ ಆ ಲೆಕ್ಕಕ್ಕೆ ಬೇಕಾಗುತ್ತವೆ. ಚೀಫ್ ಎಂಜಿನಿಯರ್ ಸಹಿ ಮತ್ತು ಹಡಗಿನ ಮೊಹರನ್ನು ಹಡಗಿನಲ್ಲಿದ್ದಾಗಲೇ ಹಾಕಿಸಿಕೊಳ್ಳಿ. ಇಳಿದ ಮೇಲೆ ಆ ಚೀಫ್ ಬೇರೆ ಹಡಗಿಗೋ ಬೇರೆ ಕಂಪನಿಗೋ ಹೋಗಿರುತ್ತಾರೆ, ಒಂದು ಸಹಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಗ್ಯಾಂಗ್‌ವೇ ಇಳಿಯುವ ಮುನ್ನ ಸಿಡಿಸಿಯ ಸೈನ್ ಆಫ್ ತಾರೀಕು, ಪ್ರಮಾಣಪತ್ರದ ತಾರೀಕು, ವೇತನ ಲೆಕ್ಕದ ತಾರೀಕು ಮೂರೂ ಒಂದೇ ಆಗಿವೆಯೇ ನೋಡಿ. ಒಂದು ದಿನ ಹೆಚ್ಚುಕಡಿಮೆ ಇದ್ದರೂ ಅಲ್ಲೇ ತಿದ್ದಿಸಿಕೊಳ್ಳಿ.