ಆರರಲ್ಲಿ ಐದು ಹೋದರೆ ಮಾತ್ರ ಸೆಟ್ ಎತ್ತುತ್ತೇನೆ

ತುಮಕೂರಿನಿಂದ ಬುಧವಾರ ಬೆಳಗಿನ ರೈಲು ಹಿಡಿದು, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿ, ಮುಂದಿನ ನಿಲ್ದಾಣವೇ ಆದ ಚಿಕ್ಕಪೇಟೆಯಲ್ಲಿ ಇಳಿಯುವುದು ನನಗೆ ಈಗ ಎರಡು ವರ್ಷದ ರೂಢಿ. ಅಲ್ಲಿನ ಸಗಟು ಅಂಗಡಿಯ ಸೀರೆಗಳ ಫೋಟೋವನ್ನು ವಾಟ್ಸಾಪ್ ಗ್ರೂಪ್‌ಗೆ ಹಾಕಿ, ಮೊದಲೇ ಹಣ ಪಡೆದು ಮಾರುತ್ತೇನೆ. ಆರಂಭದಲ್ಲಿ ಮೈದುನ, "ಫೋಟೋ ನೋಡಿ ಮೊದಲೇ ಹಣ ಯಾರು ಹಾಕುತ್ತಾರೆ ಅತ್ತಿಗೆ?" ಎಂದಿದ್ದ. ಹೋದ ಶ್ರಾವಣದಲ್ಲಿ ಅವನ ಹೆಂಡತಿಯೇ ಹಣ ಹಾಕಿ ಎರಡು ಸೀರೆ ತೆಗೆದುಕೊಂಡಳು.

ಅವನ ಅನುಮಾನಕ್ಕೆ ಕಾರಣವಿತ್ತು. ಮೊದಲ ದೀಪಾವಳಿಗೆ ನಾನು ಸುಮಾರು 18,000 ರೂಪಾಯಿಯ ಸೀರೆ ಒಟ್ಟಿಗೆ ತಂದುಬಿಟ್ಟಿದ್ದೆ. ಸಗಟು ಅಂಗಡಿಯಲ್ಲಿ ಬಿಡಿ ಸೀರೆ ಕೊಡುವುದಿಲ್ಲ, ಒಂದೇ ವಿನ್ಯಾಸದ ಆರು ಬಣ್ಣದ ಸೆಟ್ಟನ್ನೇ ಎತ್ತಬೇಕು. ಅದರಲ್ಲಿ ರಾಣಿ, ಅರಿಶಿನ, ನವಿಲು ಬಣ್ಣ ಒಂದು ವಾರದಲ್ಲಿ ಹೋದವು. ಬೂದಿ ಬಣ್ಣ, ಮಾಸಲು ಹಸಿರು ಬೀರುವಿನಲ್ಲಿ ಉಳಿದವು. ಯುಗಾದಿಯ ಹೊತ್ತಿಗೆ ಅಸಲಿಗಿಂತ ಕಡಿಮೆಗೆ ಕೊಟ್ಟು ಕೈ ತೊಳೆದುಕೊಂಡೆ. ನಷ್ಟ ಏಳು ಸಾವಿರದ ಹತ್ತಿರ.

ಆಮೇಲೆ ಲೆಕ್ಕವನ್ನೇ ತಿರುಗಿಸಿದೆ. ಈಗ ಸೀರೆಯನ್ನು ನೋಡಿ ಫೋಟೋ ತೆಗೆದು ಬರುತ್ತೇನೆ, ಸೆಟ್ಟನ್ನು ಮುಂದಿನ ಬುಧವಾರ ಎತ್ತುತ್ತೇನೆ. ಒಂದು ಸೀರೆಗೆ 420ರಂತೆ ಸೆಟ್ 2,520 ಆಯಿತು ಎನ್ನೋಣ. ನಾನು 580ಕ್ಕೆ ಮಾರುತ್ತೇನೆ. ನಾಲ್ಕು ಹೋದರೆ 2,320, ಅಸಲೂ ಬರುವುದಿಲ್ಲ. ಐದು ಹೋದರೆ 2,900. ಹಾಗಾಗಿ ಐದು ಜನರ ಪೂರ್ತಿ ಹಣ ಖಾತೆಗೆ ಬಿದ್ದರೆ ಮಾತ್ರ ಆ ಸೆಟ್ ನನ್ನದು. ಮಂಗಳವಾರ ಸಂಜೆಯೊಳಗೆ ಐದು ಆಗದಿದ್ದರೆ ಬಂದ ಹಣವನ್ನು ಅದೇ ರಾತ್ರಿ ಹಿಂದಿರುಗಿಸುತ್ತೇನೆ. ಈ ಹಿಂದಿರುಗಿಸುವಿಕೆಯಿಂದಲೇ ಜನರಿಗೆ ನಂಬಿಕೆ ಬಂದಿತು. ವಾರಕ್ಕೆ ನಾಲ್ಕು ಸೆಟ್ ಆದರೆ 1,520 ಉಳಿಯುತ್ತದೆ, ಓಡಾಟ ಮತ್ತು ಕವರಿಗೆ ಮುನ್ನೂರು ಕಳೆಯಿರಿ. ಕೊರಿಯರ್ ಖರ್ಚು ಕೊಳ್ಳುವವರದು. ಉಳಿದ ಆರನೆಯ ಸೀರೆ ಯಾವಾಗ ಹೋದರೂ ಪೂರ್ತಿ ಲಾಭ.

"ತೆಗೆದಿಡಿ ಅಕ್ಕ, ಸಂಜೆ ಹಾಕುತ್ತೇನೆ" ಎಂಬ ಸಂದೇಶವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಮ್ಮೆ ಅಂಥ ಮೂರು ಮಾತನ್ನು ನಂಬಿ ಸೆಟ್ ಎತ್ತಿ, ಮೂರನ್ನೂ ಮನೆಯಲ್ಲಿಟ್ಟುಕೊಂಡೆ.

ಫೋಟೋ ವಿಷಯದಲ್ಲಿ ನಾನು ಹಟಮಾರಿ. ಅಂಗಡಿಯವರು ವಾಟ್ಸಾಪ್‌ನಲ್ಲಿ ಕಳಿಸುವುದು ಸೂರತ್‌ನಿಂದ ಬಂದ ರೂಪದರ್ಶಿಯ ಚಿತ್ರ. ಅದರ ಬಣ್ಣವೇ ಬೇರೆ, ಕೈಗೆ ಬರುವ ಬಟ್ಟೆಯೇ ಬೇರೆ. ಅಂಗಡಿಯ ಹಳದಿ ದೀಪದಡಿ ನಾನೇ ತೆಗೆದ ಚಿತ್ರವೂ ಒಮ್ಮೆ ಕೈ ಕೊಟ್ಟಿತು: ಕೆನೆ ಬಣ್ಣವೆಂದು ಕಳಿಸಿದ್ದು ಬಿಳಿಯಾಗಿ, ಇಬ್ಬರು ವಾಪಸು ಮಾಡಿದರು. ಈಗ ಸೀರೆಯನ್ನು ಬಾಗಿಲ ಹೊಸ್ತಿಲಿಗೆ ತಂದು, ಹಗಲು ಬೆಳಕಿನಲ್ಲಿ ಸೆರಗು, ಅಂಚು, ಒಡಲು, ರವಿಕೆ ಕಣ ನಾಲ್ಕನ್ನೂ ಬೇರೆ ಬೇರೆ ತೆಗೆಯುತ್ತೇನೆ. ಪಕ್ಕದಲ್ಲಿ ಒಂದರಿಂದ ಆರರವರೆಗೆ ಅಂಕಿ ಬರೆದ ಚೀಟಿ ಇಡುತ್ತೇನೆ, ಇಲ್ಲದಿದ್ದರೆ "ಆ ನೀಲಿ" ಎಂದರೆ ಯಾವ ನೀಲಿ ಎಂಬ ಜಗಳ. ಸೆಟ್ ಎತ್ತುವ ದಿನ ಪ್ರತಿ ಸೀರೆಯ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯುತ್ತೇನೆ. ಎಳೆ ಬಿಟ್ಟಿದ್ದರೆ ಅಲ್ಲಿಯೇ ಗೆರೆಯಂತೆ ಕಾಣುತ್ತದೆ, ಅಲ್ಲಿಯೇ ಬದಲಾಯಿಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ನಡುವೆ ನೈಟಿಯನ್ನೂ ಪ್ರಯತ್ನಿಸಿದೆ. ಮಾದರಿಗೆಂದು ಒಂದನ್ನು ತಂದು, ಹಳೆಯ ಬಿಳಿ ಪಂಚೆಯೊಂದಿಗೆ ಬಕೆಟ್‌ನಲ್ಲಿ ನೆನೆಸಿದೆ. ಪಂಚೆ ಗುಲಾಬಿಯಾಯಿತು, ನೈಟಿ ಎರಡು ಇಂಚು ಕುಗ್ಗಿತು. ಆ ಮಾಲನ್ನು ಅಲ್ಲಿಗೇ ಬಿಟ್ಟೆ. ನೂರೈವತ್ತು ರೂಪಾಯಿಯ ಪರೀಕ್ಷೆ ಮೂವತ್ತು ಜನರ ದೂರನ್ನು ಉಳಿಸಿತು.

ಗ್ರೂಪ್‌ನಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಇಟ್ಟಿದ್ದೇನೆ. ಮೊದಲು ಎಲ್ಲರಿಗೂ ಬಿಟ್ಟಿದ್ದಾಗ ಒಬ್ಬರು "ಬಣ್ಣ ಡಲ್" ಎಂದ ಕೂಡಲೇ ಇಡೀ ಸೆಟ್ ನಿಂತುಹೋಯಿತು. ಬ್ರಾಡ್‌ಕಾಸ್ಟ್ ಪಟ್ಟಿಯನ್ನೂ ನೋಡಿದೆ, ಆದರೆ ನನ್ನ ನಂಬರನ್ನು ಉಳಿಸಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ. ಇನ್ನೊಂದು ಮಾತು: ಎಲ್ಲರೂ ಬಯಸುವ ಬಣ್ಣವನ್ನು ನಾನು ಮೊದಲು ತೋರಿಸುವುದಿಲ್ಲ. ಬೂದಿ, ಮಾಸಲು ಹಸಿರನ್ನು ಭಾನುವಾರ ರಾತ್ರಿ ಹಾಕಿ, ರಾಣಿ ಬಣ್ಣವನ್ನು ಸೋಮವಾರಕ್ಕೆ ಇಟ್ಟುಕೊಳ್ಳುತ್ತೇನೆ. ಮೊದಲಿನವು ಅರ್ಧವಾದರೂ ಹೋಗಿರುತ್ತವೆ.

ವಾರವಿಡೀ ನನಗಾಗಿ ಸೆಟ್ ತಡೆದಿಡಲು ಅಂಗಡಿಯವರು ಹೇಗೆ ಒಪ್ಪಿದರು, ಅದು ಯಾವ ಗಲ್ಲಿ ಎಂಬುದನ್ನು ಮಾತ್ರ ಕೇಳಬೇಡಿ. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಅವರೂ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಮೂರು ವಾರ ಯಾವುದನ್ನೂ ತಡೆದಿಡುವುದಿಲ್ಲ. ಆ ದಿನಗಳಲ್ಲಿ ನಾನು ಅಂಗಡಿಯ ಹೊಸ್ತಿಲಿನಿಂದಲೇ ಫೋಟೋ ಕಳಿಸಿ, ಎರಡು ಗಂಟೆ ಅಲ್ಲಿಯೇ ಕುಳಿತು, ಐದು ಹಣ ಬಿದ್ದ ಸೆಟ್ಟುಗಳನ್ನು ಮಾತ್ರ ಎತ್ತಿಕೊಂಡು ಸಂಜೆಯ ರೈಲು ಹತ್ತುತ್ತೇನೆ.