ಕೆಂಪು ಟೋಪಿ ಸಿರಿಂಜು

ನಾನು ಮೆಡಿಸಿನ್ ವಾರ್ಡಿನಲ್ಲಿ ನರ್ಸ್. ಇನ್ಸುಲಿನ್ ಹಾಕಿಕೊಳ್ಳೋದನ್ನು ರೋಗಿಗಳಿಗೆ ಕಲಿಸೋದು ನನ್ನ ಕೆಲಸಗಳಲ್ಲಿ ಒಂದು. ಮೊದಮೊದಲು ಡಿಸ್ಚಾರ್ಜ್ ದಿನವೇ, ಗಂಟುಮೂಟೆ ಕಟ್ಟುವ ಹೊತ್ತಿನಲ್ಲಿ, ಹತ್ತು ನಿಮಿಷ ಗಡಗಡ ಹೇಳಿ "ಅರ್ಥ ಆಯ್ತಾ ಅಮ್ಮ?" ಅಂತ ಕೇಳುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಹೂ ಮಾರುವ ಒಬ್ಬ ಅಮ್ಮ ಬಂದಾಗಿನಿಂದ ಅದನ್ನು ಬಿಟ್ಟೆ.

ಅವರಿಗೆ ಬೆಳಿಗ್ಗೆ 16, ರಾತ್ರಿ 8 ಯೂನಿಟ್ ಬರೆದಿದ್ದರು. ನಾನು ಚಿತ್ರದ ಹಾಳೆ ಕೊಟ್ಟೆ. "ಕನ್ನಡಕ ಮನೇಲಿದೆ" ಅಂದರು. ಓದಲು ಬಾರದವರು ನಾಚಿಕೆಗೆ ಹೀಗೆ ಹೇಳೋದು ಜಾಸ್ತಿ. "ಓದೋಕೆ ಬರುತ್ತಾ?" ಅಂತ ನೇರವಾಗಿ ಕೇಳಬಾರದು. "ಮನೇಲಿ ಮಾತ್ರೆ ಚೀಟಿ ನೋಡೋದು ಯಾರು?" ಅಂದರೆ ಸಾಕು, "ಮೊಮ್ಮಗಳು" ಅಂತ ಉತ್ತರ ಬರುತ್ತದೆ. ಹಾಳೆಯಲ್ಲಿ ಲಾಡು ಬರೆದು ಅದರ ಮೇಲೆ ಅಡ್ಡ ಗೀಟು ಹಾಕಿತ್ತು. ಅವರು ಅದನ್ನು ನೋಡಿ "ಲಾಡು ತಿನ್ನಬೇಕಾ ಸಿಸ್ಟರ್?" ಅಂದರು. ಗೀಟು ಅಂದರೆ 'ಬೇಡ' ಅನ್ನೋದು ಶಾಲೆಯಲ್ಲಿ ಕಲಿತ ಅರ್ಥ, ಅಲ್ವಾ? ಹಾಳೆ ಮಡಚಿಟ್ಟೆ.

ವಯಸ್ಕರ ಕಲಿಕೆ ಬಗ್ಗೆ ಮಾಲ್ಕಮ್ ನೋಲ್ಸ್ ಬರೆದದ್ದನ್ನು ಓದಿದ್ದೆ. ಯಾಕೆ ಕಲಿಯಬೇಕು ಅನ್ನೋದು ತಿಳಿಯದೆ ದೊಡ್ಡವರು ಕಲಿಯೋದಿಲ್ಲ, ತಮಗೆ ಈಗಾಗಲೇ ಗೊತ್ತಿರೋದಕ್ಕೆ ಹೊಸದನ್ನು ಜೋಡಿಸಿಕೊಳ್ಳುತ್ತಾರೆ ಅಂತ. ಹಾಗಾಗಿ ಸಿರಿಂಜು ಪಕ್ಕಕ್ಕಿಟ್ಟು "ನಿಮ್ಮ ದಿನ ಹೇಗೆ ಶುರುವಾಗುತ್ತೆ?" ಅಂತ ಕೇಳಿದೆ. ನಾಲ್ಕಕ್ಕೆ ಎದ್ದು ಮಾರ್ಕೆಟ್ಟಿಗೆ ಹೋಗುತ್ತಾರೆ. ತಿಂಡಿ ತಿನ್ನೋದು ವಾಪಸ್ ಬಂದ ಮೇಲೆ, ಎಂಟಕ್ಕೆ. ನನಗೆ ಎದೆ ಝಲ್ಲೆಂದಿತು. ಬೆಳಿಗ್ಗೆ ಎದ್ದ ಕೂಡಲೇ ಹಾಕಿಕೊಳ್ಳಿ ಅಂದಿದ್ದರೆ, ತಿಂಡಿಗೆ ಮುಂಚೆಯೇ ಸಕ್ಕರೆ ಇಳಿದು ದಾರಿಯಲ್ಲೇ ಬೀಳುತ್ತಿದ್ದರು. ಡಾಕ್ಟರ ಹತ್ತಿರ ಮಾತಾಡಿದೆ. ಮಾರ್ಕೆಟ್ಟಿನಿಂದ ಬಂದು ಏಳೂವರೆಗೆ ಇಂಜೆಕ್ಷನ್, ಅರ್ಧ ಗಂಟೆ ಬಿಟ್ಟು ತಿಂಡಿ ಅಂತಾಯಿತು.

ಮೊದಲ ದಿನ ಸಕ್ಕರೆ ಇಳಿಯೋದರ ಮಾತು ಮಾತ್ರ. "ಬೆವರು, ಕೈನಡುಕ ಬಂದರೆ ಏನಂದ್ಕೋತೀರಿ?" ಅಂದೆ. "ಬಿಸಿಲು ಅಂತ ನೆರಳಲ್ಲಿ ಕೂರ್ತೀನಿ" ಅಂದರು. ಅವರು ಹೆದರಬೇಕಾದದ್ದು ಅಲ್ಲೇ ಇತ್ತು. ಮೂರು ಟೀ ಚಮಚ ಸಕ್ಕರೆಯನ್ನು ಪೊಟ್ಟಣ ಕಟ್ಟಿಸಿ ಅವರ ಎಲೆಅಡಿಕೆ ಚೀಲಕ್ಕೆ ಹಾಕಿಸಿದೆ. ಬೆವರು ಬಂದರೆ ಮೊದಲು ಸಕ್ಕರೆ, ಆಮೇಲೆ ನೆರಳು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಂದು ಪೊಟ್ಟಣ. ಸರಿಹೋದ ಮೇಲೆ ಏನಾದರೂ ಊಟ.

ಎರಡನೇ ದಿನ ಸಿರಿಂಜು. ಅಕ್ಷರ ಬಾರದಿದ್ದರೂ ನೋಟಿನ ಮೇಲಿನ 10, 20 ಅವರಿಗೆ ಚೆನ್ನಾಗಿ ಗೊತ್ತು. 10ರ ಗೆರೆ ತೋರಿಸಿ, ಅದರಾಚೆ ಆರು ಚಿಕ್ಕ ಗೆರೆ ಎಣಿಸಲು ಹೇಳಿದೆ. ಹೂ ಎಣಿಸಿದ ಕೈ, ಎರಡೇ ಸಲಕ್ಕೆ ಬಂತು. ಸಲೈನ್ ತುಂಬಿ ಸ್ಪಂಜಿನ ಮೇಲೆ ಅಭ್ಯಾಸ ಮಾಡಿಸಿದೆ. ಚುಚ್ಚಿ, ಪೂರ್ತಿ ಒತ್ತಿ, ಹತ್ತು ಎಣಿಸಿ ಸೂಜಿ ತೆಗೆಯೋದು. ಅವರ ಔಷಧಿ ಮೋಡದ ಹಾಗೆ ಬಿಳಿ. ಅಂಗೈಲಿ ಹೊಸೆದಾಗ ಹಾಲಿನ ಹಾಗೆ ಒಂದೇ ಸಮ ಆಗಬೇಕು, ಗರಣೆ ನಿಂತರೆ ಬಳಸಬಾರದು ಅಂದೆ.

ಒಂದು ಮಾತನ್ನು ಮಾತ್ರ ಮೂರೂ ದಿನ ಹೇಳಿದೆ. ಅವರ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಟೋಪಿಯ ಸಿರಿಂಜು. ಕಿತ್ತಳೆ ಟೋಪಿಯದು ಎಂಎಲ್‌ಗೆ 100 ಯೂನಿಟ್ಟಿನ ಬಾಟಲಿಗೆ. ಅದರಲ್ಲಿ ಈ 40ರ ಔಷಧಿಯನ್ನು 16ರ ಗೆರೆಗೆ ಎಳೆದರೆ ಒಳಗೆ ಹೋಗೋದು ಆರು ಚಿಲ್ಲರೆ ಯೂನಿಟ್ ಅಷ್ಟೇ. ಸಕ್ಕರೆ ಏರುತ್ತಲೇ ಇರುತ್ತದೆ, ಎಲ್ಲರೂ ಬಾಯಿಚಪಲ ಅಂತ ರೋಗಿಯನ್ನೇ ಬೈಯುತ್ತಾರೆ. ಓದುಬಾರದವರಿಗೆ ಬಣ್ಣವೇ ಅಕ್ಷರ, ಖಾಲಿ ಸಿರಿಂಜಿನ ಕೆಂಪು ಟೋಪಿಯೊಂದನ್ನು ಮಾದರಿಗೆ ಅಂತ ಕೈಗೆ ಕೊಟ್ಟೆ.

ಮೂರನೇ ದಿನ ನಾನು ಸುಮ್ನೆ ಕೂತೆ. "ನಾನು ಸರಿಯಾಗಿ ಹೇಳಿದ್ದೀನಾ ಅಂತ ನೋಡ್ಕೋಬೇಕು. ಮೊಮ್ಮಗಳಿಗೆ ಹೇಳೋ ಹಾಗೆ ನನಗೆ ಹೇಳಿ, ಮಾಡಿ ತೋರಿಸಿ" ಅಂದೆ. ತಪ್ಪಿದರೆ ತಪ್ಪು ನನ್ನದು ಅನ್ನುವ ಹಾಗೆ ಕೇಳಿದರೆ ಅವರಿಗೆ ಪರೀಕ್ಷೆ ಅನ್ನಿಸೋದಿಲ್ಲ. ಬಾಟಲಿ ಹೊಸೆಯೋದೊಂದು ಮರೆತಿದ್ದರು, ಅದನ್ನಷ್ಟೇ ಮತ್ತೆ ಮಾಡಿಸಿದೆ. ಜ್ವರ, ನೋವು ಇರುವ ದಿನ ಇದ್ಯಾವುದೂ ನಡೆಯೋದಿಲ್ಲ. ಅಂಥ ದಿನ ಕಲಿಸೋಕೆ ಹೋಗೋದೇ ಇಲ್ಲ.

ತಿಂಗಳು ಬಿಟ್ಟು ತೋರಿಸಿಕೊಳ್ಳಲು ಬಂದರು. ಅಂಗಡಿಯವನು ಕಿತ್ತಳೆ ಟೋಪಿಯದು ಕೊಟ್ಟಿದ್ದನಂತೆ, ಮಾದರಿ ತೋರಿಸಿ ವಾಪಸ್ ಕೊಟ್ಟಿದ್ದರು. ಆದರೆ ಹೊಟ್ಟೆಯ ಬಲಗಡೆ ಮುಟ್ಟಿದರೆ ಗಟ್ಟಿ ಗಂಟು. "ಅಲ್ಲಿ ಚುಚ್ಚಿದರೆ ನೋವೇ ಆಗಲ್ಲ ಸಿಸ್ಟರ್, ಅದಕ್ಕೆ ದಿನಾ ಅಲ್ಲೇ" ಅಂದರು. ಜಾಗ ಬದಲಿಸಬೇಕು ಅಂತ ನಾನು ಬಾಯಲ್ಲಿ ಹೇಳಿದ್ದೆನೇ ಹೊರತು ಮಾಡಿಸಿರಲಿಲ್ಲ. ಗಂಟಿನೊಳಗೆ ಹಾಕಿದ ಇನ್ಸುಲಿನ್ ಸರಿಯಾಗಿ ಮೈಗೆ ಹತ್ತೋದಿಲ್ಲ. ಹೊಕ್ಕುಳಿನಿಂದ ಎರಡು ಬೆರಳು ಬಿಟ್ಟು, ಬೆಳಿಗ್ಗೆ ಎಡಗಡೆ ಹೊಟ್ಟೆ, ರಾತ್ರಿ ತೊಡೆ, ದಿನಕ್ಕೆ ಒಂದು ಬೆರಳಷ್ಟು ಆಚೆ ಅಂತ ಅವತ್ತು ಅವರ ಕೈ ಹಿಡಿದು ಅಳೆಸಿದೆ. "ಹೂ ಪೋಣಿಸೋವಾಗ ಒಂದೇ ಕಡೆ ಗಂಟು ಹಾಕಲ್ವಲ್ಲ, ಹಾಗೆ" ಅಂತ ಅವರೇ ಅಂದರು. ಈಗ ನಾನೂ ಹಾಗೇ ಹೇಳುತ್ತೇನೆ, ಹೂ ಕಟ್ಟುವವರಿಗೆ ಮಾತ್ರ.